ಕಾಲೇಜಿಗೆ ಬರೆದ ಆಹ್ವಾನ ಪತ್ರ: ಹುದ್ದೆ, ಅರ್ಹತೆ, ಕೈಗೆ ಬರುವ ಸಂಬಳ

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ, ಚೆರಿಯ ಅಂದರೆ ಒಣಗಿದ ಕಾಫಿ ಹಣ್ಣಿನ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ದೊಡ್ಡ ವಿಭಾಗ ಏನಲ್ಲ. ಹಾಜರಿ, ಸಂಬಳ, ಪಿಎಫ್, ಹೊಸಬರನ್ನು ಹುಡುಕುವುದು, ಎಲ್ಲ ನಾನೇ. ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಮಕ್ಕಳು ಡಿಗ್ರಿ ಮುಗಿಸಿ ಸೀದಾ ಮೈಸೂರು, ಬೆಂಗಳೂರಿನ ಬಸ್ ಹತ್ತುತ್ತಾರೆ. ಇಲ್ಲಿ ಇಂಥ ಕೆಲಸ ಇದೆ ಅನ್ನೋದೇ ಅವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಆ ಭಾಗದ ಒಂದು ಡಿಗ್ರಿ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ಗೆ ಪತ್ರ ಬರೆದು, ಅಲ್ಲೇ ಹೋಗಿ ಇಂಟರ್‌ವ್ಯೂ ಮಾಡಿದೆವು. ಆ ಪತ್ರ ಹೇಗೆ ತಯಾರಾಯಿತು ಅನ್ನೋದನ್ನು ಹೇಳುತ್ತೇನೆ.

ಮೊದಲು ನೋಡಿದ್ದು ದಿನಾಂಕ. ಕೊಡಗಿನಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು, ರೊಬಸ್ಟಾ ಜನವರಿಯಿಂದ ಮಾರ್ಚ್. ಆಗ ನಮ್ಮಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹೊಸಬರು ನವೆಂಬರ್‌ಗೆ ಕೆಲಸ ಕಲಿತಿರಬೇಕು ಅಂದರೆ ಆಗಸ್ಟ್‌ಗೆ ಸೇರಬೇಕು. ಕೊನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಮಕ್ಕಳು ಚದುರಿಹೋಗುತ್ತಾರೆ. ಜೂನ್, ಜುಲೈ ಮಳೆಯಲ್ಲಿ ಯಾವಾಗ ರಜೆ ಘೋಷಿಸುತ್ತಾರೋ ಹೇಳೋಕಾಗಲ್ಲ. ಉಳಿದದ್ದು ಏಪ್ರಿಲ್. ಅದರಲ್ಲೂ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿಯ ದಿನಗಳಿದ್ದರೆ ಅರ್ಧ ಕ್ಲಾಸ್ ಮೈದಾನದಲ್ಲಿರುತ್ತದೆ. ಅದಕ್ಕೆ ಪತ್ರದಲ್ಲಿ ಒಂದೇ ದಿನ ಹೇಳದೆ ಎರಡು ದಿನ ಕೊಟ್ಟು, ಯಾವುದು ಆಗುತ್ತದೋ ನೀವೇ ಆರಿಸಿ ಅಂತ ಬರೆದೆ.

ಪತ್ರ ಪ್ರಾಂಶುಪಾಲರ ಹೆಸರಿಗೆ, ಪ್ರತಿ ಪ್ಲೇಸ್‌ಮೆಂಟ್ ಅಧಿಕಾರಿಗೆ. ನಮ್ಮ ಊರಿನ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಅಧಿಕಾರಿ ಅಂದರೆ ಸಾಮಾನ್ಯವಾಗಿ ಪಾಠ ಮಾಡುವ ಒಬ್ಬ ಮೇಷ್ಟ್ರು ಅಥವಾ ಮೇಡಂ. ಕ್ಲಾಸಿನ ಜೊತೆಗೆ ಇದೂ ಒಂದು ಜವಾಬ್ದಾರಿ. ಪತ್ರವನ್ನು ಹಾಗೇ ನೋಟಿಸ್ ಬೋರ್ಡಿಗೂ ವಾಟ್ಸಾಪ್ ಗ್ರೂಪಿಗೂ ಹಾಕುವಂತಿದ್ದರೆ ಅವರ ಅರ್ಧ ಕೆಲಸ ಮುಗಿಯುತ್ತದೆ. ಲೆಟರ್‌ಹೆಡ್, ಜಿಎಸ್‌ಟಿ ನಂಬರ್, ಕಂಪನಿ ಇಮೇಲ್ ಜೊತೆಗೆ "ವಿದ್ಯಾರ್ಥಿಗಳಿಂದ ಯಾವುದೇ ಶುಲ್ಕ ಇಲ್ಲ, ಬಾಂಡ್ ಇಲ್ಲ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದಿಲ್ಲ" ಅನ್ನುವ ಸಾಲು ಮೊದಲ ಪ್ಯಾರಾದಲ್ಲೇ ಇತ್ತು. ಕೆಲಸದ ಹೆಸರಲ್ಲಿ ದುಡ್ಡು ಕೀಳುವವರು ಜಾಸ್ತಿ ಆಗಿದ್ದಾರಲ್ಲ, ಕಾಲೇಜಿನವರಿಗೂ ಅದೇ ಭಯ.

ಹುದ್ದೆ ಎರಡೇ. ಒಂದು, ಕ್ವಾಲಿಟಿ ಲ್ಯಾಬ್ ಟ್ರೈನಿ. ಇನ್ನೊಂದು, ಖರೀದಿ ವಿಭಾಗದ ಫೀಲ್ಡ್ ಅಸಿಸ್ಟೆಂಟ್. ಇವು ಬರೀ ಹೆಸರುಗಳು. ಓದುವ ಹುಡುಗನಿಗೆ ಏನೂ ಅರ್ಥ ಆಗಲ್ಲ. ಹಾಗಾಗಿ ಒಂದೊಂದರ ಕೆಳಗೂ ದಿನದ ಕೆಲಸ ಬರೆದೆ. ಫೀಲ್ಡ್ ಅಸಿಸ್ಟೆಂಟ್‌ಗೆ ಹೀಗಿತ್ತು: "ಬೆಳೆಗಾರರ ಕಣಕ್ಕೆ ಹೋಗಿ ತೇವಾಂಶ ಮೀಟರ್‌ನಲ್ಲಿ ಚೆರಿ ಪರೀಕ್ಷಿಸುವುದು, ಚೀಲಗಳಿಂದ ಸ್ಯಾಂಪಲ್ ತೆಗೆಯುವುದು, ಔಟ್‌ಟರ್ನ್ ಲೆಕ್ಕ ಹಾಕುವುದು, ತೂಕದ ಚೀಟಿ ಬರೆಯುವುದು. ಜನವರಿಯಿಂದ ಮಾರ್ಚ್‌ವರೆಗೆ ದಿನವೂ ಓಡಾಟ, ಉಳಿದ ತಿಂಗಳು ಹೆಚ್ಚಾಗಿ ಗೋದಾಮಿನಲ್ಲಿ."

ಅರ್ಹತೆ ಬರೆಯುವಾಗ ಈ ಕೆಲಸದ ಪಟ್ಟಿಯನ್ನೇ ಎದುರಿಗಿಟ್ಟುಕೊಂಡೆ. ಎಲ್ಲರೂ ಹಾಕುವ ಸಾಲೊಂದಿದೆ: ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟ್. ಸಾವಿರಾರು ಅರ್ಜಿ ಬರುವ ಕಂಪನಿಗೆ ಅದು ಜರಡಿ. ನಮಗೆ ಬರುವ ಬೆರಳೆಣಿಕೆ ಅರ್ಜಿಗೆ ಯಾಕೆ? ಔಟ್‌ಟರ್ನ್ ಅಂದರೆ 50 ಕೆ.ಜಿ. ಒಣ ಚೆರಿ ಚೀಲದಿಂದ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಅನ್ನುವ ಲೆಕ್ಕ. ಬೆಳೆಗಾರರಿಗೆ ದುಡ್ಡು ಹೋಗುವುದೇ ಅದರ ಮೇಲೆ. 27 ಇರುವುದನ್ನು 26 ಅಂತ ಬರೆದರೆ, ನೂರು ಚೀಲಕ್ಕೆ ನೂರು ಕೆ.ಜಿ. ಬೀಜದ ಲೆಕ್ಕ ತಪ್ಪಿತು. ಇದಕ್ಕೆ ಬೇಕಾದದ್ದು ಗುಣಾಕಾರ, ಭಾಗಾಕಾರ ಮತ್ತು ಪ್ರಾಮಾಣಿಕತೆ. ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದ ಅಂಕ ಅಲ್ಲ.

ಆದ್ದರಿಂದ ಫೀಲ್ಡ್ ಹುದ್ದೆಗೆ ಯಾವ ಡಿಗ್ರಿಯಾದರೂ ಸರಿ, ಅಂಕದ ಮಿತಿ ಇಲ್ಲ. ಟೂ ವೀಲರ್ ಲೈಸೆನ್ಸ್ ಇರಬೇಕು, ಇಲ್ಲದಿದ್ದರೆ ಸೇರುವ ದಿನದೊಳಗೆ ಮಾಡಿಸಿಕೊಳ್ಳಬೇಕು. ಕನ್ನಡ ಚೆನ್ನಾಗಿ ಬರಬೇಕು. ಕೊಡವ ತಕ್ಕ್, ಅರೆಭಾಷೆ ಅಥವಾ ಮಲಯಾಳಂ ಬಂದರೆ ಅನುಕೂಲ, ಕಡ್ಡಾಯ ಅಲ್ಲ. ಲ್ಯಾಬ್ ಹುದ್ದೆಗೆ ಮಾತ್ರ ಬಿ.ಎಸ್ಸಿ., ಅದರಲ್ಲೂ ರಸಾಯನಶಾಸ್ತ್ರ ಅಥವಾ ಸಸ್ಯಶಾಸ್ತ್ರ ಓದಿರಬೇಕು, ಡಿಗ್ರಿಯಲ್ಲಿ 50 ಪರ್ಸೆಂಟ್. ಅಂಕಪಟ್ಟಿಯಲ್ಲಿ ಸಿಜಿಪಿಎ ಇರುವವರಿಗಾಗಿ "ಅಥವಾ ವಿಶ್ವವಿದ್ಯಾಲಯದ ನಿಯಮದಂತೆ ಸಮಾನ ಸಿಜಿಪಿಎ" ಅಂತ ಸೇರಿಸಿದೆ. ಸುಮ್ನೆ ಹತ್ತರಿಂದ ಗುಣಿಸಿದರೆ ಸಾಕು ಅಂದುಕೊಳ್ಳಬಾರದು, ಲೆಕ್ಕ ಒಂದೊಂದು ಕಡೆ ಒಂದೊಂದು ಥರ.

ಪತ್ರ ತಲುಪಿದ ಮೇಲೆ ಪ್ಲೇಸ್‌ಮೆಂಟ್ ಮೇಡಂ ಫೋನ್ ಮಾಡಿದರು. "ಸರ್, ಬ್ಯಾಕ್‌ಲಾಗ್ ಇರೋರನ್ನ ಕೂರಿಸಬಹುದಾ?" ಅಂತ ಅವರ ಮೊದಲ ಪ್ರಶ್ನೆ. ಉತ್ತರ ಪತ್ರದಲ್ಲೇ ಇತ್ತು, ಆದರೂ ವಿವರಿಸಿದೆ. ಹಿಂದೆ ಯಾವಾಗಲೋ ಫೇಲಾಗಿ ಈಗ ಪಾಸಾಗಿದ್ದರೆ ನಮಗೆ ತಕರಾರಿಲ್ಲ. ಇನ್ನೂ ಬಾಕಿ ಇದ್ದರೆ ಒಂದು ವಿಷಯದವರೆಗೆ ಇಂಟರ್‌ವ್ಯೂಗೆ ಬರಬಹುದು, ಕೆಲಸ ಕಾಯಂ ಆಗುವುದು ಪಾಸಾದ ಮೇಲೆ. ಈ ಎರಡನ್ನೂ ಬೇರೆ ಬೇರೆ ಬರೆಯದೆ ಬರೀ "ಬ್ಯಾಕ್‌ಲಾಗ್ ಇರಬಾರದು" ಅಂದರೆ, ಎರಡನೇ ಸೆಮಿಸ್ಟರ್‌ನಲ್ಲಿ ಒಮ್ಮೆ ಎಡವಿದವರೂ ಹೆಸರು ಕೊಡುವುದಿಲ್ಲ. ಅವರ ಇನ್ನೊಂದು ಪ್ರಶ್ನೆ, ಪಕ್ಕದ ಕಾಲೇಜಿನವರೂ ಬರಬಹುದಾ ಅಂತ. ಧಾರಾಳವಾಗಿ ಬರಲಿ ಅಂದೆ. ಚಿಕ್ಕ ಕಾಲೇಜಿನಲ್ಲಿ ಬಿ.ಎಸ್ಸಿ. ಮಕ್ಕಳೇ ಕಡಿಮೆ, ಪೂಲ್ ಕ್ಯಾಂಪಸ್ ಆದರೆ ನಮಗೂ ಒಳ್ಳೇದು.

ಸಂಬಳದ ಸಾಲಿಗೆ ನಾನು ಹಟ ಹಿಡಿದೆ. ನಮ್ಮ ಅಕೌಂಟ್ಸ್‌ನವರು "ವರ್ಷಕ್ಕೆ 2.4 ಲಕ್ಷ ಸಿಟಿಸಿ" ಅಂತ ಹಾಕಿ ಸಾಕು ಅಂದರು. ಮಕ್ಕಳು ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 20,000 ಅಂದುಕೊಳ್ಳುತ್ತಾರೆ. ನಿಜಕ್ಕೂ ಒಟ್ಟು ಸಂಬಳ 18,000. ಅದರಲ್ಲಿ ಬೇಸಿಕ್ ಮತ್ತು ಡಿಎ 12,000. ಅದರ ಮೇಲೆ ಪಿಎಫ್ 12 ಪರ್ಸೆಂಟ್, ಅಂದರೆ 1,440 ಕಡಿತ. ಇಎಸ್‌ಐ ಒಟ್ಟು ಸಂಬಳದ ಮೇಲೆ ಮುಕ್ಕಾಲು ಪರ್ಸೆಂಟ್, 135. ಕೈಗೆ ಬರುವುದು 16,425. ಸಿಟಿಸಿಯಲ್ಲಿ ಕಾಣುವ ಉಳಿದ ದುಡ್ಡು ಕಂಪನಿ ಕಟ್ಟುವ ಪಿಎಫ್ ಮತ್ತು ಇಎಸ್‌ಐ ಪಾಲು. ಪತ್ರದಲ್ಲಿ 16,425 ಅನ್ನೋದನ್ನೇ ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಮೊದಲ ತಿಂಗಳ ಸಂಬಳ ನೋಡಿ ಮುಖ ಸಣ್ಣ ಮಾಡಿಕೊಂಡು ಬಿಟ್ಟುಹೋಗುವುದಕ್ಕಿಂತ, ಕಡಿಮೆ ಅನ್ನಿಸಿದವರು ಇಂಟರ್‌ವ್ಯೂಗೇ ಬರದಿರುವುದು ಇಬ್ಬರಿಗೂ ವಾಸಿ ಅಲ್ವಾ?

ಅದರ ಕೆಳಗೆ ವಸತಿ. ವಿರಾಜಪೇಟೆ ಕಡೆಯಿಂದ ಕುಶಾಲನಗರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವುದು ಕಷ್ಟ. ಹೆಣ್ಣುಮಕ್ಕಳ ತಂದೆತಾಯಿ ಮೊದಲು ಕೇಳುವುದೇ ಇದನ್ನು. ಹಂಚಿಕೊಳ್ಳುವ ರೂಮ್ ಕಂಪನಿಯದು, ಊಟದ ಖರ್ಚು ಸೇರಿದವರದು, ಲ್ಯಾಬ್‌ನಲ್ಲಿ ರಾತ್ರಿ ಪಾಳಿ ಇಲ್ಲ ಅಂತ ಮೂರು ಸಾಲು ಬರೆದೆ.

ಕಾಲೇಜಿನಿಂದ ಕೇಳಿದ್ದು ಕಮ್ಮಿ: ಒಂದು ಹಾಲ್, ಎರಡು ಕೋಣೆ, ಮತ್ತು ಮೂರು ದಿನ ಮೊದಲು ಹೆಸರಿನ ಪಟ್ಟಿ. ಬೆಳಿಗ್ಗೆ ಕಂಪನಿ ಪರಿಚಯ, ಅರ್ಧ ಗಂಟೆಯ ಲೆಕ್ಕದ ಪರೀಕ್ಷೆ, ಆಮೇಲೆ ಇಂಟರ್‌ವ್ಯೂ. ದೂರದ ಬಸ್ಸಿನವರನ್ನು ಮೊದಲು ಕರೆದು, ಮೂರೂವರೆಗೆ ಎಲ್ಲ ಮುಗಿಸುತ್ತೇವೆ ಅಂತ ಪತ್ರದಲ್ಲೇ ಹೇಳಿದ್ದೆವು. ಫಲಿತಾಂಶವನ್ನು ಮಕ್ಕಳಿಗೆ ಬಿಡಿಬಿಡಿಯಾಗಿ ಫೋನ್ ಮಾಡಿ ಹೇಳದೆ, ಆಯ್ಕೆಯಾದವರು, ಕಾಯುವ ಪಟ್ಟಿಯವರು ಇಬ್ಬರ ಹೆಸರನ್ನೂ ಪ್ಲೇಸ್‌ಮೆಂಟ್ ಸೆಲ್‌ನ ಇಮೇಲ್‌ಗೆ ಕಳಿಸಿದೆವು. ಆಫರ್ ಲೆಟರ್‌ನಲ್ಲಿ ಸೇರುವ ದಿನದ ಪಕ್ಕ "ಕೊನೇ ಸೆಮಿಸ್ಟರ್ ಫಲಿತಾಂಶ ತಡವಾದರೂ ಸೇರಬಹುದು, ಅಂಕಪಟ್ಟಿ ಬಂದ ಮೇಲೆ ಕೊಟ್ಟರೆ ಸಾಕು" ಅಂತ ಸೇರಿಸಿದೆವು. ಫಲಿತಾಂಶ ತಡವಾದರೆ ಕೊಯ್ಲು ಅದಕ್ಕಾಗಿ ಕಾಯುವುದಿಲ್ಲವಲ್ಲ.