ಶೇ. 51 ಇದ್ದರೂ ಅಂಗಸಂಸ್ಥೆ ಅಲ್ಲ: ಒಂದು ಕಂಪನಿಯ ನಂಟು ಹುಡುಕಿದ ನನ್ನ ಅನುಭವ

ನಾನು ಒಂದು ದೊಡ್ಡ ಗುಂಪಿನ ಕ್ರೋಡೀಕೃತ ಲೆಕ್ಕಪತ್ರ ತಯಾರಿಸುತ್ತೇನೆ. ಗುಂಪಿನ ಕಂಪನಿಗಳ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿ, ಒಂದೇ ಕಂಪನಿಯ ಲೆಕ್ಕದ ಹಾಗೆ ತೋರಿಸುವ ಕೆಲಸ ಅದು. ಈ ಕೆಲಸಕ್ಕೆ ಸೇರಿದಾಗ ನನ್ನ ಕೈಗೆ ಒಂದು ಪಟ್ಟಿ ಬಂತು. ಅದರಲ್ಲಿ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಮುಂದೆ "ಅಂಗಸಂಸ್ಥೆ, ಶೇ. 60" ಎಂದಿತ್ತು. ಅಂಗಸಂಸ್ಥೆ ಅಂದರೆ ನಮ್ಮ ಹಿಡಿತದಲ್ಲಿರುವ ಕಂಪನಿ. ವರ್ಷಗಳಿಂದ ಹಾಗೆಯೇ ಇತ್ತು. ಆ 60 ಎಲ್ಲಿಂದ ಬಂತು ಎಂದು ನೋಡಲು ಹೋದೆ. ಕೊನೆಗೆ ಆ ಸಾಲಿನಲ್ಲಿ ಸಂಖ್ಯೆಯೂ ತಪ್ಪಾಗಿತ್ತು, ಅಂಗಸಂಸ್ಥೆ ಎಂಬ ಹೆಸರೂ ತಪ್ಪಾಗಿತ್ತು.

ಮೊದಲು ಷೇರುದಾರರ ರಿಜಿಸ್ಟರ್ ತರಿಸಿಕೊಂಡೆ. ನಮ್ಮ ಮಾತೃಸಂಸ್ಥೆಯ ಬಳಿ ನೇರವಾಗಿ ಶೇ. 33 ಷೇರು ಇತ್ತು. ನಮ್ಮ ಇನ್ನೊಂದು ಅಂಗಸಂಸ್ಥೆಯ ಬಳಿ ಶೇ. 18. ಆ ಅಂಗಸಂಸ್ಥೆಯಲ್ಲಿ ನಮ್ಮ ಪಾಲು ಶೇ. 60 ಮಾತ್ರ. ಬಿಡಿಭಾಗದ ಕಂಪನಿಯ ಇನ್ನು ಶೇ. 40 ಷೇರು ಹೊರಗಿನ ಒಬ್ಬ ಪಾಲುದಾರನ ಬಳಿ. ಉಳಿದ ಶೇ. 9 ನಮ್ಮದೇ ಒಂದು ಸಹವರ್ತಿ ಕಂಪನಿಯ ಬಳಿ ಇತ್ತು. ಸಹವರ್ತಿ ಅಂದರೆ ನಾವು ಅಲ್ಲಿ ಪ್ರಭಾವ ಬೀರಬಹುದು, ಆದರೆ ನಾವು ಹೇಳಿದಂತೆ ಅದು ಕೇಳಬೇಕೆಂದಿಲ್ಲ. ಪಟ್ಟಿ ಮಾಡಿದವರು 33, 18, 9 ಮೂರನ್ನೂ ಕೂಡಿಸಿ 60 ಎಂದು ಬರೆದಿದ್ದರು.

ಆ 9 ಇಲ್ಲಿ ಬರಬಾರದು. ಸಹವರ್ತಿ ಕಂಪನಿಯ ಮತ ನಮ್ಮ ಮತವಲ್ಲ. ಅದು ನಮ್ಮ ಪರವಾಗಿಯೇ ಮತ ಹಾಕಬೇಕು ಎಂಬ ಏರ್ಪಾಡು ಇದ್ದಿದ್ದರೆ ಮಾತು ಬೇರೆ. ಇಲ್ಲಿ ಅಂಥದ್ದು ಇರಲಿಲ್ಲ. ಆದರೆ 18 ಪೂರ್ತಿ ಬರುತ್ತದೆ. ಹೊಸಬರು ಎಡವುವುದು ಇಲ್ಲೇ. ಅವರು 18ರ ಶೇ. 60 ಅಂದರೆ 10.8 ಎಂದು ಗುಣಿಸಿ, 33ಕ್ಕೆ ಕೂಡಿಸಿ, 43.8 ಬಂತು, ಅರ್ಧಕ್ಕಿಂತ ಕಡಿಮೆ, ಹಾಗಾಗಿ ಸಹವರ್ತಿ ಎನ್ನುತ್ತಾರೆ. 43.8 ಅನ್ನುವುದು ಲಾಭದಲ್ಲಿ ಮಾತೃಸಂಸ್ಥೆಯ ಷೇರುದಾರರಿಗೆ ಸೇರುವ ಪಾಲು. ಹಿಡಿತ ಯಾರದ್ದು ಅನ್ನುವುದಕ್ಕೆ ಅದು ಉತ್ತರ ಅಲ್ಲ. ನಮ್ಮ ಅಂಗಸಂಸ್ಥೆ ಆ 18 ಮತವನ್ನು ಹೇಗೆ ಹಾಕಬೇಕು ಎಂದು ತೀರ್ಮಾನಿಸುವುದು ನಾವೇ ಅಲ್ವಾ? ಹಾಗಾಗಿ ಮತದ ಲೆಕ್ಕದಲ್ಲಿ ನಮ್ಮದು ಶೇ. 51.

51 ಬಂತಲ್ಲ, ಅಂಗಸಂಸ್ಥೆಯೇ ಆಯಿತು ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕ್ರೋಡೀಕರಣದ ಅಂತರರಾಷ್ಟ್ರೀಯ ಲೆಕ್ಕ ಮಾನದಂಡವಾದ ಐಎಫ್‌ಆರ್‌ಎಸ್ 10 ಕೇಳುವ ಪ್ರಶ್ನೆ ಬೇರೆ. ಆ ಕಂಪನಿಯ ಲಾಭ-ನಷ್ಟವನ್ನು ಏರಿಳಿಸುವ ಮುಖ್ಯ ಕೆಲಸಗಳು ಯಾವುವು? ಅವುಗಳ ಬಗ್ಗೆ ಯಾರು ತೀರ್ಮಾನಿಸುತ್ತಾರೆ? ಆ ಏರಿಳಿತ ನಮಗೆ ತಟ್ಟುತ್ತದೆಯೇ? ನಮ್ಮ ಅಧಿಕಾರ ಬಳಸಿ ಅದನ್ನು ಬದಲಿಸಬಹುದೇ? ಬಿಡಿಭಾಗದ ಕಂಪನಿಯಲ್ಲಿ ಮುಖ್ಯ ಕೆಲಸ ಅಂದರೆ ಏನು ತಯಾರಿಸಬೇಕು, ಯಾರಿಗೆ ಎಷ್ಟಕ್ಕೆ ಮಾರಬೇಕು, ಯಾವ ಯಂತ್ರ ಕೊಳ್ಳಬೇಕು ಅನ್ನುವುದು. ಇದೆಲ್ಲ ವಾರ್ಷಿಕ ಬಜೆಟ್‌ನಲ್ಲಿ ತೀರ್ಮಾನವಾಗುತ್ತದೆ. ಜಾರಿಗೆ ತರುವುದು ಮುಖ್ಯ ಕಾರ್ಯನಿರ್ವಾಹಕ. ಹಾಗಾಗಿ ನಾನು ಹುಡುಕಬೇಕಾಗಿದ್ದು ಎರಡೇ: ಬಜೆಟ್ ಒಪ್ಪುವವರು ಯಾರು, ಆ ಹುದ್ದೆಗೆ ನೇಮಿಸುವವರು, ತೆಗೆಯುವವರು ಯಾರು.

ಅದಕ್ಕೆ ಉತ್ತರ ಷೇರುದಾರರ ಒಪ್ಪಂದದಲ್ಲಿತ್ತು. ಮಂಡಳಿಯಲ್ಲಿ ಏಳು ನಿರ್ದೇಶಕರು. ನಾಲ್ವರು ನಮ್ಮವರು, ಮೂವರು ಪಾಲುದಾರನವರು. ಸಾಮಾನ್ಯ ವಿಷಯಕ್ಕೆ ಬಹುಮತ ಸಾಕು. ಆದರೆ ಕೊನೆಯಲ್ಲಿ ಒಂದು ಅನುಬಂಧವಿತ್ತು, "ಮೀಸಲು ವಿಷಯಗಳು" ಎಂದು. ಅದರಲ್ಲಿರುವ ಯಾವುದಕ್ಕೂ ಎರಡೂ ಕಡೆಯ ಕನಿಷ್ಠ ಒಬ್ಬೊಬ್ಬ ನಿರ್ದೇಶಕ ಒಪ್ಪಲೇಬೇಕು.

ಇಂಥ ಪಟ್ಟಿ ಕಂಡ ಕೂಡಲೇ ಇದು ಇಬ್ಬರೂ ಸೇರಿ ಹಿಡಿತ ಇಟ್ಟುಕೊಂಡ ಜಂಟಿ ಉದ್ಯಮ ಎಂದುಬಿಡಬಾರದು. ನಾನು ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕುತ್ತಾ ಹೋದೆ. ಹೊಸ ಷೇರು ಹೊರಡಿಸುವುದು, ಕಂಪನಿ ಮುಚ್ಚುವುದು, ಇಡೀ ಕಾರ್ಖಾನೆ ಮಾರುವುದು, ಇವೆಲ್ಲ ಕಡಿಮೆ ಪಾಲಿನವನನ್ನು ಕಾಪಾಡುವ ಹಕ್ಕುಗಳು. ದಿನದಿನದ ವ್ಯವಹಾರ ನಡೆಸುವ ಅಧಿಕಾರ ಅವುಗಳಿಂದ ಬರುವುದಿಲ್ಲ. ಪಟ್ಟಿಯಲ್ಲಿ ಇವಷ್ಟೇ ಇದ್ದಿದ್ದರೆ ಕಂಪನಿ ನಮ್ಮ ಅಂಗಸಂಸ್ಥೆಯಾಗಿಯೇ ಉಳಿಯುತ್ತಿತ್ತು. ಆದರೆ ಅದೇ ಪಟ್ಟಿಯ ನಡುವೆ ವಾರ್ಷಿಕ ಬಜೆಟ್ಟೂ ಇತ್ತು, ಮುಖ್ಯ ಕಾರ್ಯನಿರ್ವಾಹಕರ ನೇಮಕ ಮತ್ತು ವಜಾ ಕೂಡ ಇತ್ತು. ಪಾಲುದಾರ ಒಪ್ಪದೆ ನಾವು ಬಜೆಟ್ ಪಾಸು ಮಾಡುವಂತಿಲ್ಲ. ನಾವು ಒಪ್ಪದೆ ಅವನೂ ಮಾಡುವಂತಿಲ್ಲ. ಹಿಡಿತ ಇಬ್ಬರದ್ದೂ ಸೇರಿ. ಐಎಫ್‌ಆರ್‌ಎಸ್ 11 ಜಂಟಿ ಹಿಡಿತ ಎನ್ನುವುದು ಇದನ್ನೇ. ಮುಖ್ಯ ತೀರ್ಮಾನಗಳಿಗೆ ಹಿಡಿತ ಹಂಚಿಕೊಂಡವರೆಲ್ಲರ ಒಪ್ಪಿಗೆ ಬೇಕು, ಮತ್ತು ಆ ಷರತ್ತು ಒಪ್ಪಂದದಿಂದಲೇ ಬಂದಿರಬೇಕು.

ಇಲ್ಲಿ ಇನ್ನೊಂದು ಪ್ರಶ್ನೆ ಕೇಳದೆ ಬಿಡಬಾರದು: ಇಬ್ಬರೂ ಒಪ್ಪದೇ ಹೋದರೆ ಏನಾಗುತ್ತದೆ? ಒಪ್ಪಂದದ ಪ್ರಕಾರ ಹಿಂದಿನ ವರ್ಷದ ಬಜೆಟ್ ಮುಂದುವರಿಯುತ್ತದೆ, ಆಮೇಲೆ ವಿಷಯ ಮಧ್ಯಸ್ಥಿಕೆಗೆ ಹೋಗುತ್ತದೆ. ಇದರಿಂದ ಜಂಟಿ ಹಿಡಿತ ಕೆಡುವುದಿಲ್ಲ. ಆದರೆ ಕಂಪನಿಯ ನಿಯಮಾವಳಿ ಓದಿದಾಗ, ಅಧ್ಯಕ್ಷರಿಗೆ ನಿರ್ಣಾಯಕ ಮತ ಇದೆ ಎಂಬ ಸಾಲು ಸಿಕ್ಕಿತು. ಅಧ್ಯಕ್ಷರು ನಮ್ಮವರು! ಆ ಮತ ಬಜೆಟ್‌ಗೂ ಅನ್ವಯಿಸುವುದಾದರೆ ಕೊನೆಯ ಮಾತು ನಮ್ಮದೇ, ಕಂಪನಿ ಮತ್ತೆ ಅಂಗಸಂಸ್ಥೆ. ಎರಡು ದಿನ ಅದರಲ್ಲೇ ಸಿಕ್ಕಿಕೊಂಡೆ. ಕೊನೆಗೆ ಆ ಕಂಪನಿಯ ಕಾರ್ಯದರ್ಶಿಯನ್ನು ಕೇಳಿದೆ. "ಸರ್, ಆಮೇಲೆ ಒಂದು ಪತ್ರ ಆಗಿದೆ, ನಿಮ್ಮ ಫೈಲಿನಲ್ಲಿ ಇಲ್ವಾ?" ಎಂದು ಅದನ್ನು ಕಳಿಸಿಕೊಟ್ಟರು. ಮೀಸಲು ವಿಷಯಗಳಿಗೆ ನಿರ್ಣಾಯಕ ಮತ ಅನ್ವಯಿಸದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಎರಡೂ ಕಡೆಯ ಸಹಿ ಇತ್ತು. ಪ್ರಶ್ನೆ ಅಲ್ಲಿಗೆ ಬಗೆಹರಿಯಿತು.

ಬಜೆಟ್ಟನ್ನೂ ನೇಮಕವನ್ನೂ ಪಾಲುದಾರನೊಬ್ಬನೇ ತೀರ್ಮಾನಿಸಬಹುದು ಎಂದು ಅದೇ ಒಪ್ಪಂದದಲ್ಲಿ ಇದ್ದಿದ್ದರೆ? ಆಗ ಶೇ. 51 ಇಟ್ಟುಕೊಂಡೂ ನಮಗೆ ಅದು ಸಹವರ್ತಿ ಕಂಪನಿ ಮಾತ್ರ ಆಗುತ್ತಿತ್ತು. ಸಹವರ್ತಿಗೆ ಶೇ. 20 ಎಂದು ಎಲ್ಲರೂ ಹೇಳುವುದು ಕೂಡ ಒಂದು ಊಹೆಯ ಗೆರೆ ಅಷ್ಟೇ. ಶೇ. 15 ಇದ್ದು ಮಂಡಳಿಯಲ್ಲಿ ಜಾಗವಿದ್ದರೆ ಪ್ರಭಾವ ಇರಬಹುದು.

ಜಂಟಿ ಹಿಡಿತ ಇದೆ ಎಂದ ಮೇಲೂ ಒಂದು ಹೆಜ್ಜೆ ಬಾಕಿ ಇತ್ತು. ಅದು ಜಂಟಿ ಉದ್ಯಮವೋ, ಜಂಟಿ ಕಾರ್ಯಾಚರಣೆಯೋ? ತಯಾರಾದ ಮಾಲನ್ನೆಲ್ಲ ಇಬ್ಬರು ಪಾಲುದಾರರೇ ಕೊಳ್ಳಬೇಕು, ಅದರ ಸಾಲ ತೀರುವುದೂ ಅವರ ಹಣದಿಂದಲೇ ಎಂದಿದ್ದರೆ ಎರಡನೆಯದು. ಇಲ್ಲಿ ಮಾಲು ಹೊರಗಿನ ಗ್ರಾಹಕರಿಗೆ ಹೋಗುತ್ತಿತ್ತು. ಆಸ್ತಿ, ಸಾಲ ಎರಡೂ ಕಂಪನಿಯ ಹೆಸರಲ್ಲೇ ಇತ್ತು. ಬ್ಯಾಂಕಿಗೆ ನಾವು ಒಂದು ಗ್ಯಾರಂಟಿ ಕೊಟ್ಟಿದ್ದೆವು, ಆದರೆ ಗ್ಯಾರಂಟಿ ಒಂದರಿಂದಲೇ ಉತ್ತರ ಬದಲಾಗುವುದಿಲ್ಲ. ಹಾಗಾಗಿ ಜಂಟಿ ಉದ್ಯಮ.

ಈ ತಪ್ಪು ಅಷ್ಟು ವರ್ಷ ಯಾಕೆ ಕಣ್ಣಿಗೆ ಬೀಳಲಿಲ್ಲ ಎಂದು ಲೆಕ್ಕ ಹಾಕಿ ನೋಡಿದೆ. ಆ ಕಂಪನಿಯ ವರಮಾನ 100, ಲಾಭ 20 ಎಂದುಕೊಳ್ಳಿ. ಅಂಗಸಂಸ್ಥೆ ಎಂದರೆ ನಮ್ಮ ಲೆಕ್ಕಕ್ಕೆ 100 ವರಮಾನ ಪೂರ್ತಿ ಬರುತ್ತದೆ, ಅದರ ಸಾಲವೂ ಪೂರ್ತಿ ಬರುತ್ತದೆ. ಜಂಟಿ ಉದ್ಯಮ ಎಂದರೆ ವರಮಾನವೂ ಸಾಲವೂ ಬರುವುದಿಲ್ಲ. ಲಾಭದ ಶೇ. 51, ಅಂದರೆ 10.2, ಒಂದೇ ಸಾಲಿನಲ್ಲಿ ಬರುತ್ತದೆ. ಅದರಲ್ಲಿ 1.44 ನಮ್ಮ ಅಂಗಸಂಸ್ಥೆಯ ಹೊರಗಿನ ಷೇರುದಾರರದ್ದು, 8.76 ಮಾತೃಸಂಸ್ಥೆಯವರದ್ದು. ಅಂಗಸಂಸ್ಥೆಯಾಗಿ ತೋರಿಸಿದರೂ ಮಾತೃಸಂಸ್ಥೆಯವರ ಪಾಲು ಅದೇ 8.76, ಯಾಕೆಂದರೆ 20ರ ಶೇ. 43.8 ಅಷ್ಟೇ. ಎಲ್ಲರೂ ಮೊದಲು ನೋಡುವ ಸಂಖ್ಯೆ ಬದಲಾಗುವುದೇ ಇಲ್ಲ. ಬದಲಾಗುವುದು ವರಮಾನ ಮತ್ತು ಸಾಲ. ನಮಗೆ ಸಾಲ ಕೊಟ್ಟ ಬ್ಯಾಂಕು ನೋಡುವುದು ಅದನ್ನೇ.

ಹಿಂದಿನ ವರ್ಷದ ಅಂಕಿಗಳನ್ನೂ ತಿದ್ದಿದೆವು. ಶೇ. 51 ಮತ ಇದ್ದೂ ಯಾಕೆ ಹಿಡಿತ ಇಲ್ಲ ಎಂದು ಟಿಪ್ಪಣಿಯಲ್ಲಿ ವಿವರಿಸಿದೆವು. ಐಎಫ್‌ಆರ್‌ಎಸ್ 12 ಅದನ್ನು ಕೇಳುತ್ತದೆ. ಒಪ್ಪಂದ ಕೈಗೆ ಸಿಗದ ಹೊರಗಿನವರು ಮೊದಲು ಓದಬೇಕಾದ ಜಾಗವೂ ಆ ಟಿಪ್ಪಣಿಯೇ. ಈಗ ಪ್ರತಿ ತ್ರೈಮಾಸಿಕದ ಕೊನೆಗೆ ನಾನು ಎಲ್ಲ ಕಂಪನಿ ಕಾರ್ಯದರ್ಶಿಗಳಿಗೂ ಒಂದೇ ಪ್ರಶ್ನೆ ಕಳಿಸುತ್ತೇನೆ: ಷೇರುದಾರರ ನಡುವೆ ಹೊಸದಾಗಿ ಯಾವುದಾದರೂ ಪತ್ರ ಆಗಿದೆಯೇ?