ಸಂಬಳವನ್ನು ಎಲ್ಲಿ ಕೂರಿಸಬೇಕು? ಐದು ಅಂಕದ ಹೋಲಿಕೆ ನನಗೆ ಒಲಿದ ಬಗೆ

ಉತ್ತರಪತ್ರಿಕೆಯ ಜೆರಾಕ್ಸ್ ಕೈಗೆ ಬಂದ ದಿನ ನಾನು ಮೊದಲು ತೆರೆದದ್ದು ಏಳನೇ ಪುಟ. ಪ್ರಶ್ನೆ ಇದ್ದದ್ದು ಇಷ್ಟೇ: ಮಾಸ್ಲೊ ಮತ್ತು ಹರ್ಜ್‌ಬರ್ಗ್ ಅವರ ಅಭಿಪ್ರೇರಣಾ ಸಿದ್ಧಾಂತಗಳನ್ನು ಹೋಲಿಸಿ. ಐದು ಅಂಕ. ನಾನು ಒಂದೂವರೆ ಪುಟ ತುಂಬಿಸಿದ್ದೆ. ಸ್ಕೇಲ್ ಇಟ್ಟು ಮಾಸ್ಲೊ ಅವರ ಪಿರಮಿಡ್ ಎಳೆದಿದ್ದೆ. ದೇಹದ ಅಗತ್ಯ, ಭದ್ರತೆ, ಪ್ರೀತಿ, ಗೌರವ, ಸ್ವಸಾಧನೆ, ಐದು ಹೆಸರೂ ಸರಿಯಾಗಿದ್ದವು. ಪಕ್ಕದ ಖಾಲಿ ಜಾಗದಲ್ಲಿ ಕೆಂಪು ಇಂಕಿನಲ್ಲಿ ಎರಡೇ ಪದ: ‘ಹೋಲಿಕೆ ಎಲ್ಲಿ?’ ಕೆಳಗೆ ಒಂದೂವರೆ ಅಂಕ.

ಆ ಜೆರಾಕ್ಸ್‌ಗೆ ಐನೂರರ ಆಸುಪಾಸು ಕಟ್ಟಿದ್ದೆ. ಅದಕ್ಕೂ ಮುಂಚೆ ಭಾನುವಾರದ ಕೋಚಿಂಗ್‌ಗೆ ನಾಲ್ಕೂವರೆ ಸಾವಿರ, ಗೈಡುಗಳಿಗೆ ಸಾವಿರದ ಹತ್ತಿರ ಹೋಗಿತ್ತು. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿರುವ ನನಗೆ ಅದು ಸಣ್ಣ ದುಡ್ಡಲ್ಲ. ಎಂ.ಕಾಂ. ದೂರಶಿಕ್ಷಣದಲ್ಲಿ ಓದುತ್ತಿದ್ದೆ, ಈ ಪೇಪರ್ ಎರಡನೇ ಸಲ ಕೈಕೊಟ್ಟಿತ್ತು. ಇಡೀ ದುಡ್ಡಿನಲ್ಲಿ ಕೆಲಸಕ್ಕೆ ಬಂದದ್ದು ಆ ಕೆಂಪು ಇಂಕಿನ ಎರಡು ಪದ ಮಾತ್ರ.

ಅವತ್ತು ರಾತ್ರಿ ನನ್ನ ಉತ್ತರವನ್ನು ನಾನೇ ಓದಿದೆ. ಮೊದಲ ಪ್ಯಾರಾದಲ್ಲಿ ಹರ್ಜ್‌ಬರ್ಗ್ ಹೆಸರೇ ಇರಲಿಲ್ಲ. ಎರಡನೇ ಪ್ಯಾರಾದಲ್ಲಿ ಮಾಸ್ಲೊ ಹೆಸರಿರಲಿಲ್ಲ. ನಾನು ಬರೆದದ್ದು ಎರಡು ಟಿಪ್ಪಣಿ. ಹೋಲಿಸುವ ಕೆಲಸವನ್ನು ಮೌಲ್ಯಮಾಪಕರ ತಲೆಗೆ ಬಿಟ್ಟಿದ್ದೆ. ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದೇ, ಅಲ್ವಾ?

ಮುಂದೆ ಟೇಬಲ್ ಹಾಕಿ ನೋಡಿದೆ. ಎಡಗಡೆ ಮಾಸ್ಲೊ, ಬಲಗಡೆ ಹರ್ಜ್‌ಬರ್ಗ್. ನೋಡೋಕೆ ಚೆನ್ನಾಗಿತ್ತು. ಆದರೆ ಒಂದು ಸಾಲಿನಲ್ಲಿ ಎಡಕ್ಕೆ ‘ಐದು ಮೆಟ್ಟಿಲು’ ಅಂತ ಇದ್ದರೆ ಬಲಕ್ಕೆ ‘ಎಂಜಿನಿಯರ್‌ಗಳನ್ನು ಕೇಳಿದರು’ ಅಂತ ಇತ್ತು. ಒಂದು ಎಷ್ಟು ಮೆಟ್ಟಿಲು ಅನ್ನುವ ಮಾತು, ಇನ್ನೊಂದು ಹೇಗೆ ಕಂಡುಹಿಡಿದರು ಅನ್ನುವ ಮಾತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೋಲಿಕೆ ಆಗೋದಿಲ್ಲ. ಟೇಬಲ್ ಹಾಕುವವರು ಪ್ರತಿ ಸಾಲನ್ನೂ ಅಡ್ಡಡ್ಡ ಓದಿ ನೋಡಿ. ಎರಡು ಮನೆಯೂ ಒಂದೇ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಆ ಸಾಲನ್ನು ಹೊಡೆದುಹಾಕಿ. ನನ್ನ ಎಂಟು ಸಾಲಿನಲ್ಲಿ ಉಳಿದದ್ದು ಮೂರೇ.

ದಾರಿ ತೋರಿಸಿದ್ದು ನನ್ನ ಲೈನ್. ಆ ವರ್ಷ ನಮ್ಮ ಫ್ಲೋರ್‌ಗೆ ಹೊಸ ಫ್ಯಾನ್ ಹಾಕಿಸಿದರು, ಕುಡಿಯುವ ನೀರಿಗೆ ಫಿಲ್ಟರ್ ಬಂತು, ಅಟೆಂಡೆನ್ಸ್ ಬೋನಸ್ ಮುನ್ನೂರೋ ನಾನೂರೋ ಏರಿತು. ಗೊಣಗಾಟ ಒಂದೇ ವಾರದಲ್ಲಿ ನಿಂತುಹೋಯಿತು. ಆದರೆ ಗಂಟೆಗೆ ಬೀಳುವ ಪೀಸ್ ಹಾಗೇ ಇತ್ತು. ಮ್ಯಾನೇಜರ್‌ಗೆ ಬೇಜಾರು, ‘ಇಷ್ಟು ಕೊಟ್ಟರೂ ಟಾರ್ಗೆಟ್ ಮುಟ್ಟಲ್ಲ’ ಅಂತ. ನನಗೆ ತಟ್ಟನೆ ಹೊಳೆಯಿತು. ಹರ್ಜ್‌ಬರ್ಗ್ ಹೇಳಿದ್ದು ಇದನ್ನೇ. ಅಸಮಾಧಾನ ಹೋದರೆ ಸಮಾಧಾನ ಬರುವುದಿಲ್ಲ, ಅಸಮಾಧಾನ ಇಲ್ಲ ಅನ್ನುವ ಸ್ಥಿತಿ ಮಾತ್ರ ಬರುತ್ತದೆ.

ಆಮೇಲೆ ಆ ನಾನೂರು ರೂಪಾಯಿಯನ್ನೇ ಹಿಡಿದುಕೊಂಡೆ. ಅದನ್ನು ನಾವು ಓದುವ ನಾಲ್ಕೂ ಜನರ ಮುಂದೆ, ಅಂದರೆ ಮಾಸ್ಲೊ, ಹರ್ಜ್‌ಬರ್ಗ್, ಮ್ಯಾಕ್‌ಕ್ಲೆಲ್ಯಾಂಡ್, ಆಲ್ಡರ್‌ಫರ್ ಮುಂದೆ ಇಟ್ಟರೆ ಒಬ್ಬೊಬ್ಬರು ಏನು ಹೇಳುತ್ತಾರೆ? ಮಾಸ್ಲೊ ಪ್ರಕಾರ ಊಟ, ಬಾಡಿಗೆ, ಭದ್ರತೆ ಇನ್ನೂ ಸಾಲದೆ ಇರುವವಳಿಗೆ ಅದು ಪ್ರೇರಣೆಯೇ. ಆ ಅಗತ್ಯ ತೀರುತ್ತಾ ಬಂದಂತೆ ಅದರ ಬಲ ಇಳಿಯುತ್ತದೆ. ಹರ್ಜ್‌ಬರ್ಗ್ ಪ್ರಕಾರ ಅದು ಹೈಜೀನ್, ಇಲ್ಲದಿದ್ದರೆ ಸಿಟ್ಟು, ಇದ್ದರೆ ಸುಮ್ಮನಿರುತ್ತಾರೆ ಅಷ್ಟೇ. ಮ್ಯಾಕ್‌ಕ್ಲೆಲ್ಯಾಂಡ್ ಪ್ರಕಾರ ಸಾಧನೆಯ ಹಸಿವಿರುವವರಿಗೆ ದುಡ್ಡು ಅಂದರೆ ಸ್ಕೋರ್ ಬೋರ್ಡ್, ತಾನು ಎಷ್ಟು ಚೆನ್ನಾಗಿ ಮಾಡಿದೆ ಅನ್ನುವುದರ ಗುರುತು. ಬರೀ ಹಾಜರಿಗೆ ಎಲ್ಲರಿಗೂ ಒಂದೇ ಸಮ ಕೊಟ್ಟ ಬೋನಸ್ ಯಾವ ಸ್ಕೋರನ್ನೂ ತೋರಿಸುವುದಿಲ್ಲ.

ಆಲ್ಡರ್‌ಫರ್ ಮಾತ್ರ ನನಗೆ ಬಹಳ ದಿನ ಬರೀ ‘ಐದನ್ನು ಮೂರು ಮಾಡಿದವರು’ ಆಗಿಯೇ ಉಳಿದಿದ್ದರು. ಎಕ್ಸಿಸ್ಟೆನ್ಸ್, ರಿಲೇಟೆಡ್‌ನೆಸ್, ಗ್ರೋತ್, ಅಂದರೆ ಬದುಕು, ಸಂಬಂಧ, ಬೆಳವಣಿಗೆ, ಮುಗೀತು. ಆಮೇಲೆ ನಮ್ಮ ಲೈನಿನ ಒಬ್ಬ ಹಿರಿಯ ಟೇಲರ್ ಅಕ್ಕನ ವಿಷಯ ನೆನಪಾಯಿತು. ಕಾಲರ್ ಅಟ್ಯಾಚ್ ಮಾಡುವುದರಲ್ಲಿ ಅವರ ಕೈ ಎತ್ತಿದ ಕೈ. ಸೂಪರ್‌ವೈಸರ್ ಮಾಡಿ ಅಂತ ಎರಡು ಸಲ ಕೇಳಿದರು. ಎರಡು ಸಲವೂ ಆಗಲಿಲ್ಲ. ಅಲ್ಲಿಂದ ಅವರು ಓಟಿ ದುಡ್ಡಿನ ಲೆಕ್ಕ, ಬಸ್ಸಿನ ಸೀಟು, ಊಟದ ಹೊತ್ತಿನ ಐದು ನಿಮಿಷ, ಎಲ್ಲದಕ್ಕೂ ಜಗಳಕ್ಕೆ ನಿಂತರು. ಹಿಂದೆ ಅದನ್ನೆಲ್ಲ ಕೇಳಿದವರೇ ಅಲ್ಲ. ಮೇಲಿನ ಬಾಗಿಲು ಮುಚ್ಚಿದಾಗ ಮನುಷ್ಯ ಕೆಳಗಿನದನ್ನು ಇನ್ನೂ ಜಾಸ್ತಿ ಕೇಳುತ್ತಾನೆ ಅಂತ ಆಲ್ಡರ್‌ಫರ್ 1969ರಲ್ಲಿ ಹೇಳಿದ್ದು ಇದೇ. ಮಾಸ್ಲೊ ಅವರ ಮೆಟ್ಟಿಲಿನಲ್ಲಿ ಈ ಇಳಿಯುವ ದಾರಿಗೆ ಸರಿಯಾದ ಜಾಗ ಇಲ್ಲ. ಇವರಿಬ್ಬರನ್ನು ಹೋಲಿಸಿ ಅಂದರೆ ನಾನು ಐದು, ಮೂರು ಅನ್ನುವ ಎಣಿಕೆಗೆ ಅರ್ಧ ಸಾಲು ಕೊಟ್ಟು, ಈ ಹಿಂದಿಳಿತಕ್ಕೆ ಎರಡು ಸಾಲು ಕೊಡುತ್ತೇನೆ.

ಇಷ್ಟಾದ ಮೇಲೆ ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ಪ್ರತಿ ವಾಕ್ಯದಲ್ಲೂ ಎರಡೂ ಸಿದ್ಧಾಂತ ಇರಬೇಕು. ಒಂದೇ ಇದ್ದರೆ ಆ ವಾಕ್ಯ ಬೇಡ. ಕೋಚಿಂಗ್ ಮೇಷ್ಟ್ರಿಗೆ ತೋರಿಸಿದಾಗ ‘ಡೆಫಿನಿಷನ್ ಇಲ್ಲ, ಚಿತ್ರ ಇಲ್ಲ, ಸಂಬಳದ ಕಥೆ ಬರೆದರೆ ಯಾರು ಮಾರ್ಕ್ಸ್ ಕೊಡ್ತಾರೆ’ ಅಂದರು. ಜೊತೆಗೆ ಓದುತ್ತಿದ್ದ ಗೆಳೆಯನೂ ಅದನ್ನೇ ಹೇಳಿದ. ನಾನು ಬಿಡಲಿಲ್ಲ. ಊಟದ ಹೊತ್ತಿನಲ್ಲಿ ಕಟಿಂಗ್ ಟೇಬಲ್ ಮೇಲೆ ಇಟ್ಟುಕೊಂಡು ನಲವತ್ತು ಸಲವಾದರೂ ಬರೆದಿರಬಹುದು. ಮೊದಮೊದಲು ಹದಿನೆಂಟು ನಿಮಿಷ ಹಿಡಿಯುತ್ತಿತ್ತು. ಕೊನೆಗೆ ಒಂಬತ್ತಕ್ಕೆ ಇಳಿಯಿತು. ಮೂರನೇ ಸಲ ಪರೀಕ್ಷೆಯಲ್ಲಿ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

‘ಪ್ರೇರಣೆ ಹುಟ್ಟುವುದು ಯಾವುದರಿಂದ ಎಂದು ಇಬ್ಬರೂ ಹುಡುಕಿದರು, ಆದ್ದರಿಂದ ಎರಡೂ ಕಂಟೆಂಟ್ ಥಿಯರಿಗಳು. ಮಾಸ್ಲೊ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಐದು ಹಂತವಾಗಿ ಜೋಡಿಸಿದರೆ, ಹರ್ಜ್‌ಬರ್ಗ್ 1959ರಲ್ಲಿ ಕೆಲಸದ ಅಂಶಗಳನ್ನು ಹೈಜೀನ್ ಮತ್ತು ಮೋಟಿವೇಟರ್ ಎಂದು ಎರಡು ಗುಂಪು ಮಾಡಿದರು. ಮಾಸ್ಲೊ ಅವರ ಕೆಳಗಿನ ಮೂರು ಹಂತಗಳು ಬಹುಪಾಲು ಹೈಜೀನ್‌ಗೆ ಹೊಂದುತ್ತವೆ, ತುದಿಯ ಹಂತ ಮೋಟಿವೇಟರ್‌ಗೆ ಹೊಂದುತ್ತದೆ. ಆದರೆ ಮಾಸ್ಲೊ ಒಂದೇ ಹಂತ ಮಾಡಿದ ಗೌರವವನ್ನು ಹರ್ಜ್‌ಬರ್ಗ್ ಒಡೆದು, ಅಂತಸ್ತನ್ನು ಹೈಜೀನ್‌ಗೂ ಮೆಚ್ಚುಗೆಯನ್ನು ಮೋಟಿವೇಟರ್‌ಗೂ ಹಾಕುತ್ತಾರೆ. ತೀರದ ಯಾವ ಅಗತ್ಯವೂ ಪ್ರೇರಣೆ ಎಂಬುದು ಮಾಸ್ಲೊ ಮಾತಾದರೆ, ಹೈಜೀನ್ ಎಷ್ಟು ಕೊಟ್ಟರೂ ಪ್ರೇರಣೆ ಅಲ್ಲ ಎಂಬುದು ಹರ್ಜ್‌ಬರ್ಗ್ ಮಾತು. ಹಾಗಾಗಿ ಸಂಬಳ ಏರಿಸಿದರೆ ಮಾಸ್ಲೊ ಪ್ರಕಾರ ಕೆಳ ಹಂತದಲ್ಲಿರುವವನು ದುಡಿಯುತ್ತಾನೆ, ಹರ್ಜ್‌ಬರ್ಗ್ ಪ್ರಕಾರ ದೂರು ಮಾತ್ರ ನಿಲ್ಲುತ್ತದೆ.’

ಐದಕ್ಕೆ ನಾಲ್ಕು ಬಂತು. ಪೇಪರ್ ಅರವತ್ತರ ಮೇಲೆ ಹೋಯಿತು. ನಮ್ಮ ಬ್ಯಾಚಿನಲ್ಲಿ ಆ ಪೇಪರ್‌ಗೆ ಅಷ್ಟು ತೆಗೆದವರು ಮೂರು ನಾಲ್ಕು ಜನ ಇರಬಹುದು. ಬೇಡ ಅಂದಿದ್ದ ಗೆಳೆಯ ಈಗ ಇದೇ ಅಚ್ಚಿನಲ್ಲಿ ಬರೆಯುತ್ತಾನೆ.

ಆ ಉತ್ತರದಲ್ಲಿ ನನಗೆ ಬಹಳ ಇಷ್ಟದ ಸಾಲು ಗೌರವ ಒಡೆಯುವ ಸಾಲು. ಗೈಡುಗಳಲ್ಲಿ ‘ಕೆಳಗಿನ ಮೂರು ಹೈಜೀನ್, ಮೇಲಿನ ಎರಡು ಮೋಟಿವೇಟರ್’ ಅಂತ ಒಂದೇ ಗೆರೆ ಎಳೆದುಬಿಡುತ್ತಾರೆ. ಅಲ್ಲೇ ಸಿಕ್ಕಿಬೀಳೋದು. ಕುರ್ಚಿ, ಬೇರೆ ಬಣ್ಣದ ಐಡಿ ಕಾರ್ಡ್, ಇವೆಲ್ಲ ಅಂತಸ್ತು. ‘ಈ ಕಾಲರ್ ನೀವೇ ಮಾಡಿದ್ದಾ, ಒಂದು ರಿಜೆಕ್ಟ್ ಇಲ್ಲ’ ಅನ್ನೋದು ಮೆಚ್ಚುಗೆ. ನಮ್ಮ ಲೈನಿನಲ್ಲಿ ಎರಡನೆಯದಕ್ಕೆ ಮುಖ ಅರಳುವುದನ್ನು ನಾನು ದಿನಾ ನೋಡುತ್ತೇನೆ. ಮೊದಲನೆಯದು ಸಿಗದಿದ್ದರೆ ಮಾತ್ರ ಮುಖ ಸಿಂಡರಿಸುತ್ತಾರೆ.

ಇನ್ನೊಂದು ಕಡೆಯೂ ಅಂಕ ಹೋಗುತ್ತದೆ. ‘ಒಂದು ಹಂತ ಪೂರ್ತಿ ತೀರಿದ ಮೇಲೇ ಮುಂದಿನದು’ ಅಂತ ಮಾಸ್ಲೊ ಬಾಯಲ್ಲಿ ಹೇಳಿಸಬೇಡಿ. ಅವರೇ 1943ರ ಲೇಖನದಲ್ಲಿ ಉದಾಹರಣೆಗೆಂದು, ಸಾಮಾನ್ಯ ಮನುಷ್ಯನಿಗೆ ದೇಹದ ಅಗತ್ಯ ಶೇಕಡಾ 85ರಷ್ಟು, ಭದ್ರತೆ 70ರಷ್ಟು, ಪ್ರೀತಿ 50ರಷ್ಟು ತೀರಿರಬಹುದು, ಸ್ವಸಾಧನೆ ಬರೀ 10 ಅಂತ ಬರೆದಿದ್ದಾರೆ. ಪಿರಮಿಡ್ ಚಿತ್ರವೂ ಆ ಲೇಖನದಲ್ಲಿ ಇಲ್ಲ. ಅದು ಗೊತ್ತಾದ ಮೇಲೆ ನಾನು ಚಿತ್ರಕ್ಕೆ ಖರ್ಚಾಗುತ್ತಿದ್ದ ಎರಡು ನಿಮಿಷ ಉಳಿಸಿದೆ.

ಹರ್ಜ್‌ಬರ್ಗ್ ಮಿತಿ ಕೇಳಿದರೆ ಅವರ ವಿಧಾನ ಹಿಡಿಯಿರಿ. ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಕೇಳಿ ಕಟ್ಟಿದ ಮಾತು ಅದು. ಒಳ್ಳೆಯದಾದಾಗ ‘ನಾನು ಮಾಡಿದೆ’, ಕೆಟ್ಟದಾದಾಗ ‘ಕಂಪನಿ ಸರಿ ಇಲ್ಲ’ ಅನ್ನೋದು ಮನುಷ್ಯನ ಸ್ವಭಾವ. ಎರಡು ಗುಂಪು ಬೇರೆ ಬೇರೆಯಾಗಿ ಬಂದದ್ದು ಅದರಿಂದಲೂ ಇರಬಹುದು ಅನ್ನುವ ಟೀಕೆ ಹಳೆಯದು. ನಮ್ಮ ಲೈನ್ ನೋಡಿದರೆ ನನಗೂ ಹರ್ಜ್‌ಬರ್ಗ್ ಮಾತು ಎಲ್ಲರಿಗೂ ಹೊಂದುವುದಿಲ್ಲ ಅನಿಸುತ್ತದೆ. ಸಂಬಳ ಸಾಲದ ಹೆಲ್ಪರ್‌ಗೆ ಪೀಸ್ ಲೆಕ್ಕದ ಇನ್ಸೆಂಟಿವ್ ಚೆನ್ನಾಗಿಯೇ ಕೈ ಓಡಿಸುತ್ತದೆ. ಅಲ್ಲಿ ಮಾಸ್ಲೊ ಗೆಲ್ಲುತ್ತಾರೆ.

ನಡುವೆ ಮ್ಯಾಕ್‌ಕ್ಲೆಲ್ಯಾಂಡ್ ಹುಚ್ಚೂ ಹತ್ತಿತ್ತು. ಅವರ ರಿಂಗ್ ಎಸೆಯುವ ಆಟ ಗೊತ್ತಲ್ಲ, ಸಾಧನೆಯ ಹಸಿವಿರುವವರು ತೀರಾ ಹತ್ತಿರವೂ ಅಲ್ಲ, ತೀರಾ ದೂರವೂ ಅಲ್ಲ, ನಡುವೆ ನಿಲ್ಲುತ್ತಾರೆ ಅನ್ನೋದು. ನಾನು ಊಟದ ಹೊತ್ತಿನಲ್ಲಿ ನೀರಿನ ಬಾಟಲಿ ಇಟ್ಟು, ಹಳೆ ಬಳೆ ಎಸೆಯೋಕೆ ಕೊಟ್ಟೆ. ಹನ್ನೆರಡು ಜನ ಆಡಿದರು. ಏಳೆಂಟು ಜನ ನಡುವೆಯೇ ನಿಂತರು, ಮೊದಲಿಗರು ನಿಂತ ಜಾಗದಲ್ಲೇ ಉಳಿದವರೂ ನಿಂತರು. ಅದರಿಂದ ಏನೂ ಹೇಳೋಕಾಗಲ್ಲ. ಒಬ್ಬೊಬ್ಬರನ್ನೇ ಕರೆದು ಆಡಿಸಬೇಕಿತ್ತು. ಆದರೆ ಪಕ್ಕದ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಅವರ ತಂಡ 1960ರ ದಶಕದಲ್ಲಿ ಸಾಧನೆಯ ತರಬೇತಿ ನಡೆಸಿದ್ದು ಈ ಓದಿನಲ್ಲೇ ಸಿಕ್ಕಿತು. ತರಬೇತಿ ಕೊಡಬಹುದು ಅಂದರೆ ಆ ಅಗತ್ಯ ಕಲಿತದ್ದು, ಹುಟ್ಟಿನಿಂದ ಬಂದದ್ದಲ್ಲ. ಮಾಸ್ಲೊ ಜೊತೆ ಹೋಲಿಸುವಾಗ ನಾನು ಕಾಕಿನಾಡವನ್ನು ಒಂದು ಸಾಲಿನಲ್ಲಿ ತರುತ್ತೇನೆ.

ಮೊದಲ ಸಾಲನ್ನು ಯಾವ ಪ್ರಶ್ನೆಗೂ ಹೊಂದುವ ಹಾಗೆ ತಿರುಗಿಸುವ ಒಂದು ಕೈಚಳಕ ಇದೆ. ಮುಂದಿನ ಪೇಪರ್ ಮುಗಿಯುವವರೆಗೆ ಅದು ನನ್ನ ಹತ್ತಿರವೇ ಇರಲಿ.

ನಾಲ್ಕನ್ನೂ ಐದೇ ಅಂಕಕ್ಕೆ ಕೇಳಿದರೆ ಜೋಡಿ ಜೋಡಿಯಾಗಿ ಹೋಲಿಸುತ್ತಾ ಕೂರಬೇಡಿ, ಆರು ಜೋಡಿ ಆಗುತ್ತದೆ. ನಾನು ಮೂರೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಹುಟ್ಟಿನಿಂದ ಬಂದದ್ದೋ ಕಲಿತದ್ದೋ, ಮೆಟ್ಟಿಲಿದೆಯೋ ಇಲ್ಲವೋ, ಸಂಬಳ ಎಲ್ಲಿ ಕೂರುತ್ತದೆ. ಒಂದೊಂದಕ್ಕೆ ಎರಡು ವಾಕ್ಯ. ವ್ರೂಮ್, ಆಡಮ್ಸ್ ಹೆಸರು ತಪ್ಪಿಯೂ ಬರಬಾರದು, ಅವರದು ಪ್ರೇರಣೆ ಹೇಗೆ ಹುಟ್ಟುತ್ತದೆ ಅಂತ ನೋಡುವ ಪ್ರೊಸೆಸ್ ಥಿಯರಿ. ಸಮಯ ಉಳಿದರೆ ಆಲ್ಡರ್‌ಫರ್ ಅವರ ಹಿಂದಿಳಿತಕ್ಕೆ ಇನ್ನೊಂದು ವಾಕ್ಯ ಸೇರಿಸುತ್ತೇನೆ, ಮತ್ತೆ ಆ ಅಕ್ಕನ ಓಟಿ ಜಗಳವೇ ಉದಾಹರಣೆ.