ಕಿಡ್ನಿ ಕಲ್ಲು ಮರುಕಳಿಸದಿರಲು: ಮೊಸರು ಇರಲಿ, ಉಪ್ಪು ಇಳಿಯಲಿ

ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡ ಮರುದಿನವೇ ಹಲವರು ಹಾಲು, ಮೊಸರು ಬಿಡುತ್ತಾರೆ. ಕಲ್ಲಿನಲ್ಲಿರುವುದು ಕ್ಯಾಲ್ಸಿಯಂ, ಹಾಗಾಗಿ ಅದನ್ನು ತಿನ್ನಬಾರದು ಎಂಬ ಲೆಕ್ಕ. ಆದರೆ ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು; ಆಕ್ಸಲೇಟ್ ಎಂದರೆ ಪಾಲಕ್‌ನಂಥ ಸೊಪ್ಪಿನಲ್ಲಿ ಹೇರಳವಾಗಿರುವ ವಸ್ತು, ಅದು ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುತ್ತದೆ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದೊಂದಿಗೆ ಸಾಗಹಾಕುತ್ತದೆ. ಅದು ಸಾಲದಿದ್ದರೆ ಹೆಚ್ಚು ಆಕ್ಸಲೇಟ್ ರಕ್ತ ಸೇರಿ ಮೂತ್ರಕ್ಕಿಳಿಯುತ್ತದೆ.

ಇಟಲಿಯಲ್ಲಿ ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ಐದು ವರ್ಷದಲ್ಲಿ, ಕ್ಯಾಲ್ಸಿಯಂ ಕಡಿತ ಮಾಡಿದ 60 ಮಂದಿಯಲ್ಲಿ 23 ಜನರಿಗೆ ಮತ್ತೆ ಕಲ್ಲಾಯಿತು. ಕ್ಯಾಲ್ಸಿಯಂ ಎಂದಿನಷ್ಟೇ ಇಟ್ಟು ಉಪ್ಪು, ಮಾಂಸ ಇಳಿಸಿದ 60 ಮಂದಿಯಲ್ಲಿ 12 ಜನರಿಗೆ ಮಾತ್ರ.

ಆದ್ದರಿಂದ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಆಹಾರದಿಂದಲೇ ಬರಲಿ. ಒಂದು ಲೋಟ (200 ಮಿ.ಲೀ.) ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇರುತ್ತದೆ. ಊಟದ ಜೊತೆಗೇ ಸೇವಿಸುವುದು ಮುಖ್ಯ: ಪಾಲಕ್ ಪಲ್ಯ ಬಡಿಸಿದ ದಿನ ಅದೇ ತಟ್ಟೆಯಲ್ಲಿ ಮೊಸರೂ ಇರಬೇಕು. ವೈದ್ಯರು ಕ್ಯಾಲ್ಸಿಯಂ ಮಾತ್ರೆ ಬರೆದಿದ್ದರೆ, ಊಟದೊಂದಿಗೆ ನುಂಗಬಹುದೇ ಎಂದು ಕೇಳಿ.

ಇನ್ನು ಉಪ್ಪು. ಉಪ್ಪಿನಿಂದ ಬಂದ ಹೆಚ್ಚುವರಿ ಸೋಡಿಯಂ ಅನ್ನು ಕಿಡ್ನಿ ಹೊರಹಾಕುವಾಗ ಕ್ಯಾಲ್ಸಿಯಂ ಕೂಡ ಜೊತೆಗೆ ಮೂತ್ರಕ್ಕಿಳಿಯುತ್ತದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಸಾಕು. ಮನೆಯಲ್ಲಿ ಅಳೆಯುವುದು ಸುಲಭ. ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ನಾಲ್ವರ ಮನೆಯಲ್ಲಿ ಒಂದು ಕಿಲೋ ಉಪ್ಪು 50 ದಿನ ಬರಬೇಕು. 30 ದಿನಕ್ಕೇ ಮುಗಿದರೆ ತಲಾ 8 ಗ್ರಾಂ ದಾಟಿದೆ ಎಂದರ್ಥ. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಹೋಟೆಲ್ ಸಾಂಬಾರು ಈ ಲೆಕ್ಕಕ್ಕೆ ಬರುವುದೇ ಇಲ್ಲ. ‘ತಂಪಿಗೆ’ ಎಂದು ಕುಡಿಯುವ ಮಜ್ಜಿಗೆಗೂ ನಿಂಬೆ ಶರಬತ್ತಿಗೂ ಉಪ್ಪು ಬೇಡ. ನಿಂಬೆಯ ಸಿಟ್ರೇಟ್ ಕಲ್ಲು ತಡೆಯಲು ನೆರವಾಗುತ್ತದೆ.

ಮಾಂಸ, ಮೀನು ಹೆಚ್ಚಾದರೆ ಮೂತ್ರದಲ್ಲಿ ಆ ಸಿಟ್ರೇಟ್ ಇಳಿದು, ಕಲ್ಲಿಗೆ ಕಾರಣವಾಗಬಲ್ಲ ಯೂರಿಕ್ ಆಮ್ಲ ಏರುತ್ತದೆ. ಪೂರ್ತಿ ಬಿಡಬೇಕಿಲ್ಲ. ಹೊತ್ತಿಗೆ 75–100 ಗ್ರಾಂ, ಅದೂ ದಿನಕ್ಕೆ ಒಂದೇ ಹೊತ್ತು. ಇನ್ನೊಂದು ಹೊತ್ತಿಗೆ ಬೇಳೆ, ಕಾಳು.

ನೀರಿನಲ್ಲಿ ಎಣಿಸಬೇಕಾದದ್ದು ಕುಡಿದದ್ದನ್ನಲ್ಲ, ಹೊರಬಂದದ್ದನ್ನು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಅದಕ್ಕೆ ಸಾಮಾನ್ಯವಾಗಿ ಮೂರು ಲೀಟರ್ ದ್ರವ ಬೇಕು. ರಾಯಚೂರಿನ ಬೇಸಿಗೆಯಲ್ಲಿ ಬೆವರಿಗೇ ಬಹಳಷ್ಟು ಹೋಗುವುದರಿಂದ ಇನ್ನೂ ಹೆಚ್ಚು. ರಜೆಯ ದಿನ ಗುರುತು ಹಾಕಿದ ಬಾಟಲಿಯಲ್ಲಿ 24 ಗಂಟೆಯ ಮೂತ್ರ ಅಳೆದು ನೋಡಿ. ಕಡಿಮೆ ಬಂದರೆ ಊಟಗಳ ನಡುವೆ ಒಂದೊಂದು ಲೋಟ ಸೇರಿಸಿ. ಮಲಗುವ ಮುನ್ನವೂ ಒಂದು ಲೋಟ ಕುಡಿಯಿರಿ, ಏಕೆಂದರೆ ಮೂತ್ರ ಹೆಚ್ಚು ಗಾಢವಾಗುವುದು ರಾತ್ರಿಯಲ್ಲೇ.

ಹೃದಯ ವೈಫಲ್ಯ ಅಥವಾ ಕಿಡ್ನಿ ವೈಫಲ್ಯ ಇರುವವರು ವೈದ್ಯರನ್ನು ಕೇಳದೆ ನೀರು ಹೆಚ್ಚಿಸಬಾರದು. ಈಗಾಗಲೇ ಕೂತಿರುವ ಕ್ಯಾಲ್ಸಿಯಂ ಕಲ್ಲನ್ನು ಈ ಪಥ್ಯ ಕರಗಿಸದು. ನೋವಿನ ಜೊತೆ ಜ್ವರ, ನಡುಕ ಬಂದರೆ ಅಥವಾ ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.